ನೌಕರಿಯ ಜೊತೆ ಯೂಟ್ಯೂಬ್ ಚಾನೆಲ್: ಹದಿನೈದು ದಿನಕ್ಕೊಂದು ವಿಡಿಯೊ ಸಾಕು

ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಒಬ್ಬ ಮೇಡಂ ಇದ್ದಾರೆ. ಮಲೆನಾಡಿನ ಅಡುಗೆ ತೋರಿಸುವ ಚಾನೆಲ್ ಶುರು ಮಾಡಿದರು. ಮೊದಲ ವಿಡಿಯೊದಲ್ಲೇ ‘ವಾರಕ್ಕೆ ಮೂರು ವಿಡಿಯೊ ಹಾಕ್ತೀನಿ’ ಅಂತ ಮಾತು ಕೊಟ್ಟರು. ಮೊದಲ ತಿಂಗಳು ಹೇಗೋ ಹಾಕಿದರು. ಎರಡನೇ ತಿಂಗಳು ಮೂರು ಹೋಗಿ ಒಂದಾಯಿತು. ಮೂರನೇ ತಿಂಗಳು ಚಾನೆಲ್ಲೇ ಮಲಗಿತು. ಕೇಳಿದರೆ, ‘ಟೈಮೇ ಸಿಗಲ್ಲ ಕಣ್ರೀ’ ಎಂದರು. ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವನು. ಹಾಗಾಗಿ ಊಟದ ಬಿಡುವಿನಲ್ಲಿ ಕೂತು ಇಬ್ಬರೂ ಲೆಕ್ಕ ಹಾಕಿದೆವು.

ಮೊದಲು ಗಂಟೆ ಬರೆದಿಡಿ

ಒಂದು ವಿಡಿಯೊಗೆ ಎಷ್ಟು ಹೊತ್ತು ಬೇಕು ಅಂದಾಗ ಮೇಡಂ ‘ಐದು ಗಂಟೆ’ ಎಂದರು. ಮುಂದಿನ ವಿಡಿಯೊ ಪತ್ರೊಡೆಯದು. ಕೆಲಸ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಎರಡನ್ನೂ ಬರೆದಿಡಿ ಅಂದೆ. ಎಂಟು ನಿಮಿಷದ ಆ ವಿಡಿಯೊ ಹೀಗೆ ಬಂತು: ಏನು ಹೇಳಬೇಕು ಅಂತ ಬರೆದುಕೊಳ್ಳಲು 1 ಗಂಟೆ. ಕೆಸುವಿನ ಎಲೆ ಹುಡುಕಿ ತಂದು, ಅಕ್ಕಿ ನೆನೆಸಿ ಇಡುವ ತಯಾರಿಗೆ 1. ಶೂಟಿಂಗ್ 3. ಪಾತ್ರೆ ತೊಳೆದು ಕಟ್ಟೆ ಒರೆಸಲು ಅರ್ಧ ಗಂಟೆ (ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ). ಎಡಿಟಿಂಗ್ 5. ಧ್ವನಿ ಕೊಡಲು 1. ಥಂಬ್‌ನೇಲ್, ಶೀರ್ಷಿಕೆ, ವಿವರಣೆಗೆ 1. ಒಟ್ಟು ಹನ್ನೆರಡೂವರೆ ಗಂಟೆ. ವಾರಕ್ಕೆ ಮೂರು ಅಂದರೆ ಮೂವತ್ತೇಳೂವರೆ ಗಂಟೆ. ಇನ್ನೊಂದು ನೌಕರಿಯೇ ಆಯಿತಲ್ವಾ!

ಈಗ ಕೈಯಲ್ಲಿರುವ ಹೊತ್ತು

ಮೇಡಂ ಮನೆ ಸೇರುವಾಗ ಏಳೂವರೆ. ಅಡುಗೆ, ಊಟ, ಮಗಳ ಹೋಮ್‌ವರ್ಕ್ ಮುಗಿಯುವಾಗ ಒಂಬತ್ತು. ಸೋಮವಾರ, ಮಂಗಳವಾರ, ಗುರುವಾರ ರಾತ್ರಿ ಒಂಬತ್ತರಿಂದ ಹತ್ತೂಕಾಲು. ಶನಿವಾರ ಬೆಳಿಗ್ಗೆ ಆರೂವರೆಯಿಂದ ಹತ್ತೂವರೆ. ಅಷ್ಟೇ. ವಾರಕ್ಕೆ ಏಳೂಮುಕ್ಕಾಲು ಗಂಟೆ, ಎರಡು ವಾರಕ್ಕೆ ಹದಿನೈದೂವರೆ. ಒಂದು ವಿಡಿಯೊ ಮುಗಿದ ಮೇಲೆ ಮೂರು ಗಂಟೆ ಮಿಗುತ್ತದೆ. ಆ ಮೂರು ಗಂಟೆಗೆ ಏನನ್ನೂ ತುಂಬಬೇಡಿ. ಕರೆಂಟ್ ಹೋಗುವುದು, ನೆಂಟರು ಬರುವುದು, ಜ್ವರ ಬರುವುದು ಎಲ್ಲ ಅದರೊಳಗೇ ಆಗಬೇಕು.

ವೇಳಾಪಟ್ಟಿಗೆಂದು ದುಡ್ಡು ಕೊಟ್ಟು ಆ್ಯಪ್ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಎರಡನೇ ವಾರ ಆ್ಯಪ್ ತುಂಬುವುದೇ ಒಂದು ಕೆಲಸವಾಗುತ್ತದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು ಸಾಕು.

ಯಾವ ಕೆಲಸ ಯಾವತ್ತು

ಎಲ್ಲರೂ ಎಡವುವುದು ಇಲ್ಲೇ. ಗಂಟೆ ಸರಿಹೋದರೂ ತಪ್ಪು ಕೆಲಸವನ್ನು ತಪ್ಪು ಹೊತ್ತಿಗೆ ಇಟ್ಟಿರುತ್ತಾರೆ. ಆಫೀಸಿನಿಂದ ಬಂದು ರಾತ್ರಿ ಒಂಬತ್ತಕ್ಕೆ ಧ್ವನಿ ಕೊಟ್ಟರೆ ದಣಿವೆಲ್ಲ ಅದರಲ್ಲಿ ಕೇಳಿಸುತ್ತದೆ. ಅದೇ ಹೊತ್ತಿಗೆ ಶೂಟಿಂಗ್ ಇಟ್ಟರೆ ಟ್ಯೂಬ್‌ಲೈಟಿನ ಬೆಳಕಲ್ಲಿ ಪತ್ರೊಡೆ ಕಪ್ಪಗೆ ಕಾಣುತ್ತದೆ. ರಾತ್ರಿಗೆ ನಡುವೆ ಬಿಟ್ಟು ಏಳಬಹುದಾದ ಕೆಲಸ ಮಾತ್ರ ಇಡಿ.

ಮೊದಲ ವಾರ ಸೋಮವಾರ ಬರೆಯುವುದು. ಗುರುವಾರ ಸಾಮಾನು ತಂದು ಹೊಂದಿಸಿಕೊಳ್ಳುವುದು. ಅಕ್ಕಿ ಶುಕ್ರವಾರ ಮಲಗುವ ಮುಂಚೆ ನೆನೆಸಿದರಾಯಿತು. ಶನಿವಾರ ಬೆಳಿಗ್ಗೆ ಕಿಟಕಿ ಬೆಳಕಲ್ಲಿ ಶೂಟಿಂಗ್. ಫ್ಯಾನ್ ಆರಿಸಿ. ಫ್ರಿಜ್ಜಿನ ಗುಂಯ್ ಸದ್ದನ್ನೂ ಒಮ್ಮೆ ಕಿವಿಗೊಟ್ಟು ಕೇಳಿ. ಎರಡನೇ ವಾರ ಮೂರು ರಾತ್ರಿ ಎಡಿಟಿಂಗ್. ಶನಿವಾರ ಬೀದಿ ಎದ್ದೇಳುವ ಮುಂಚೆ ಧ್ವನಿ, ಆಮೇಲೆ ಉಳಿದ ಎಡಿಟಿಂಗ್, ಥಂಬ್‌ನೇಲ್.

ಎಡಿಟಿಂಗ್ ಐದು ಗಂಟೆಯಲ್ಲಿ ಮುಗಿಯಬೇಕಾದರೆ ಶೂಟಿಂಗ್ ದಿನವೇ ಒಂದು ಅಭ್ಯಾಸ ಬೇಕು. ಒಂದು ತುಣುಕು ಸರಿಯಾಗಿ ಬಂತು ಅನಿಸಿದ ಕೂಡಲೇ ಕ್ಯಾಮೆರಾ ಮುಂದೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಎಡಿಟ್ ಮಾಡುವಾಗ ಧ್ವನಿಯ ಗೆರೆಯಲ್ಲಿ ಅಲ್ಲೊಂದು ಉದ್ದನೆಯ ಮೊನೆ ಎದ್ದು ಕಾಣುತ್ತದೆ. ಚಪ್ಪಾಳೆಯ ಹಿಂದಿನ ತುಣುಕು ಇಟ್ಟುಕೊಂಡು ಉಳಿದದ್ದನ್ನು ಎಸೆದರಾಯಿತು. ಪತ್ರೊಡೆಗೆ 70 ನಿಮಿಷದ ಚಿತ್ರೀಕರಣ ಇತ್ತು. ಮೇಡಂ ಮೊದಲಿನ ಹಾಗೆ ಅಷ್ಟನ್ನೂ ಕೂತು ನೋಡಬೇಕಾಗಲಿಲ್ಲ.

ಸೋಮವಾರ ರಾತ್ರಿ ಬರೀ ಎಸೆಯುವ ಕೆಲಸ: 70 ನಿಮಿಷ 15ಕ್ಕೆ ಇಳಿಯಬೇಕು. ಮಂಗಳವಾರ ಜೋಡಿಸಿ 8ಕ್ಕೆ ತರುವುದು. ಗುರುವಾರ ಅಕ್ಷರ, ಬಣ್ಣ. ಸೋಮವಾರವೇ ನೀವು ಮೊದಲ ಅರ್ಧ ನಿಮಿಷಕ್ಕೆ ಸಂಗೀತ ಹುಡುಕುತ್ತಾ ಕೂತಿದ್ದರೆ ದಾರಿ ತಪ್ಪಿದ್ದೀರಿ ಅಂತಲೇ ಅರ್ಥ. ಆ ಅರ್ಧ ನಿಮಿಷ ಆಮೇಲೆ ಕತ್ತರಿಸಿ ಹೋಗುವುದೇ ಜಾಸ್ತಿ. ಇನ್ನೊಂದು ಮಾತು: ‘ಪೂರ್ತಿ ಉಚಿತ’ ಅನ್ನುವ ಎಡಿಟಿಂಗ್ ಆ್ಯಪ್ ಸಿಕ್ಕರೆ ಮೊದಲು ಹತ್ತು ಸೆಕೆಂಡಿನ ತುಣುಕನ್ನು ಹೊರತೆಗೆದು ನೋಡಿ. ಕೆಲವು ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ತಮ್ಮ ಮುದ್ರೆ ಒತ್ತಿ, ತೆಗೆಯಲು ಹಣ ಕೇಳುತ್ತವೆ.

ಹತ್ತೂಕಾಲಿಗೆ ನಿಲ್ಲಿಸಿ. ನಾಳೆ ಎಲ್ಲಿಂದ ಶುರು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಮೇಲೆ ಇಡಿ. ಚೀಟಿ ಇಲ್ಲದಿದ್ದರೆ ತಲೆ ಅದನ್ನೇ ಹಿಡಿದುಕೊಂಡು ನಿದ್ದೆ ಕೊಡುವುದಿಲ್ಲ. ಲ್ಯಾಪ್‌ಟಾಪ್ ನಿಮ್ಮದೇ ಇರಲಿ, ಆಫೀಸಿನದು ಬೇಡವೇ ಬೇಡ. ಹೊರಗಿನ ಆದಾಯದ ಬಗ್ಗೆ ಆಫರ್ ಲೆಟರ್‌ನಲ್ಲಿ ಏನಿದೆ ಅಂತಲೂ ನೋಡಿಕೊಳ್ಳಿ. ಸರ್ಕಾರಿ ನೌಕರರು ಮೊದಲು ಇಲಾಖೆಯಲ್ಲಿ ವಿಚಾರಿಸಬೇಕು.

ಅಪ್‌ಲೋಡ್

ಶನಿವಾರವೇ ಏರಿಸಿ. ಆದರೆ ಆಗಲೇ ಪ್ರಕಟಿಸಬೇಡಿ. Schedule ಆಯ್ಕೆಯಲ್ಲಿ ಮಂಗಳವಾರ ಸಂಜೆ ಏಳಕ್ಕೆ ಇಡಿ. ಹಾಡಿನ ಕಾಪಿರೈಟ್ ತಕರಾರು ಏನಾದರೂ ಇದ್ದರೆ ಜನ ನೋಡುವ ಮುಂಚೆಯೇ ಗೊತ್ತಾಗುತ್ತದೆ. ಭಾನುವಾರ ಮಾತ್ರ ಪ್ರಕಟಿಸಬೇಡಿ. ಪ್ರಕಟಿಸಿದರೆ ಎಷ್ಟು ಜನ ನೋಡಿದರು ಅಂತ ಇಡೀ ದಿನ ಫೋನ್ ಮುಟ್ಟುತ್ತಲೇ ಇರುತ್ತೀರಿ.

ರಜೆ ಅಂದರೆ ರಜೆ

ಭಾನುವಾರ ಪೂರ್ತಿ, ಬುಧವಾರ ಮತ್ತು ಶುಕ್ರವಾರ ರಾತ್ರಿ ಚಾನೆಲ್‌ಗೆ ಬಾಗಿಲು ಹಾಕಿ. ಮೇಡಂ ಮೊದಮೊದಲು ಭಾನುವಾರ ‘ಬರೀ ಕಾಮೆಂಟ್ ನೋಡ್ತೀನಿ’ ಅನ್ನುತ್ತಿದ್ದರು. ‘ಉಪ್ಪು ಜಾಸ್ತಿ ಆಯ್ತು’ ಅನ್ನುವ ಒಂದು ಸಾಲು ಓದಿದರೆ ಮಧ್ಯಾಹ್ನದ ಊಟವೇ ಕೆಡುತ್ತಿತ್ತು. ಈಗ ಫೋನಿನಿಂದ ಸ್ಟುಡಿಯೊ ಆ್ಯಪ್ ತೆಗೆದಿದ್ದಾರೆ. ಗುರುವಾರ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಬ್ರೌಸರ್‌ನಲ್ಲೇ ಉತ್ತರ ಕೊಡುತ್ತಾರೆ.

‘ವಾರ ತಪ್ಪಿಸಿದರೆ ಯೂಟ್ಯೂಬ್ ನಮ್ಮನ್ನು ಮರೆತುಬಿಡುತ್ತೆ’ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ನಿಯಮ ಓದಿ ನೋಡಿ. ಉದ್ದ ವಿಡಿಯೊ ಹಾಕುವವರಿಗೆ ಜಾಹೀರಾತಿನ ಆದಾಯಕ್ಕೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ವಾರಕ್ಕೆ ಇಷ್ಟು ವಿಡಿಯೊ ಹಾಕಲೇಬೇಕು ಅಂತ ಅದರಲ್ಲಿಲ್ಲ. ಕಳೆದ ಮಳೆಗಾಲದ ಪತ್ರೊಡೆಯನ್ನು ಈ ಮಳೆಗಾಲದಲ್ಲಿ ಯಾರಾದರೂ ನೋಡಿದರೆ ಆ ಗಂಟೆಯೂ ಸೇರುತ್ತದೆ. ಶಾರ್ಟ್ಸ್ ಸಾಲಿನಲ್ಲಿ ಓಡಿದ ವೀಕ್ಷಣೆ ಮಾತ್ರ ಈ 4,000ಕ್ಕೆ ಸೇರುವುದಿಲ್ಲ. ಹಾಗಾಗಿ ದಿನಕ್ಕೊಂದು ಶಾರ್ಟ್ಸ್ ಹಾಕುತ್ತಾ ಅದರ ಹಿಂದೆ ಓಡಬೇಡಿ. ಈಗಾಗಲೇ ಆದಾಯ ಬರುತ್ತಿರುವ ಚಾನೆಲ್ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಏನೂ ಹಾಕದೆ ಸುಮ್ಮನಿದ್ದರೆ ಯೂಟ್ಯೂಬ್ ಆ ಆದಾಯವನ್ನು ನಿಲ್ಲಿಸಬಹುದು. ಹದಿನೈದು ದಿನದ ಲೆಕ್ಕ ಅಲ್ಲಿಗೆ ಹೋಗುವುದೇ ಇಲ್ಲ.

ಕೊನೆಗೊಂದು ಕೆಲಸ, ದಾಸ್ತಾನು. ಮಿಕ್ಕಿದ ಮೂರು ಗಂಟೆ ಯಾವುದಕ್ಕೂ ಬೇಡವಾದ ಪಾಳಿಯಲ್ಲಿ ಒಂದು ಚಿಕ್ಕ ಚಟ್ನಿಯೋ ತಂಬುಳಿಯೋ ಶೂಟ್ ಮಾಡಿ ಮುಗಿಸಿ ಇಟ್ಟುಕೊಳ್ಳಿ. ಅಕೌಂಟ್ಸ್‌ನವರಿಗೆ ಮಾರ್ಚ್ ಅಂದರೆ ಗೊತ್ತಲ್ಲ, 31ರವರೆಗೆ ಮನೆಗೆ ಬರುವುದೇ ಹತ್ತಕ್ಕೆ. ಮೇಡಂ ಈ ಸಲ ಫೆಬ್ರವರಿ ಒಳಗೆ ಎರಡು ತಂಬುಳಿ ಮುಗಿಸಿ, ಮಾರ್ಚ್‌ನ ಎರಡು ಮಂಗಳವಾರಕ್ಕೆ ಇಟ್ಟುಬಿಟ್ಟಿದ್ದರು. ಎರಡನೆಯದು ಪ್ರಕಟವಾದ ಸಂಜೆ ಅವರು ನನ್ನ ಪಕ್ಕದ ಮೇಜಿನಲ್ಲಿ ಟಿಡಿಎಸ್ ತಾಳೆ ನೋಡುತ್ತಾ ಕೂತಿದ್ದರು. ವಿಡಿಯೊ ಬಂದದ್ದು ಅವರಿಗೆ ಮನೆಯಿಂದ ಮಗಳು ಫೋನ್ ಮಾಡಿದಾಗಲೇ ನೆನಪಾಗಿದ್ದು.