ಮಗನ ಮುಂಜಿಗೆ ಮೂರು ಸಾಲು: ನನ್ನ ಅನುಭವ

ನೆಂಟರಿಷ್ಟರ ನಾಮಕರಣ, ಗೃಹಪ್ರವೇಶಕ್ಕೆಲ್ಲ ಫೋಟೋ ಕೆಳಗಿನ ಸಾಲು ಬರೆದುಕೊಡುವವಳು ನಾನೇ. ಆದರೆ ದಾವಣಗೆರೆಯಲ್ಲಿ ನಮ್ಮ ಹುಡುಗನದೇ ಮುಂಜಿ ಆದಾಗ ಆ ಮೂರು ಸಾಲಿಗೆ ಹತ್ತಿರಹತ್ತಿರ ಒಂದು ವಾರ ಹಿಡಿಯಿತು. ಅವನು ನೆಂಟರು ಬಂದರೆ ಒಳಕೋಣೆ ಸೇರುವ ಹುಡುಗ.

ಮೊದಲು ಗಾಯತ್ರಿ ಮಂತ್ರವನ್ನೇ ಪೂರ್ತಿ ಹಾಕಿ ಬರೆದೆ. ಪುರೋಹಿತರಿಗೆ ತೋರಿಸಿದರೆ, "ಏನಮ್ಮಾ, ಪಂಚೆ ಮುಸುಕಿನೊಳಗೆ ಅಪ್ಪ ಮಗನ ಕಿವಿಯಲ್ಲಿ ಹೇಳಿದ್ದನ್ನ ನೀವು ಊರಿಗೆಲ್ಲ ಹಂಚ್ತೀರಾ?" ಅಂದರು. ಹೌದಲ್ಲ ಅನ್ನಿಸಿತು, ಅಳಿಸಿದೆ. ಆಮೇಲೆ ಒಬ್ಬರಿಗೆ ಐನೂರೋ ಆರುನೂರೋ ಕೊಟ್ಟು ಪೋಸ್ಟರ್ ಮಾಡಿಸಿದೆ. ಬೋಳುತಲೆ, ಬರಿಮೈಯ ಹುಡುಗನ ದೊಡ್ಡ ಫೋಟೋ, ಸುತ್ತ ಬಂಗಾರದ ಬಳ್ಳಿ, ಕೆಳಗೆ 'ನಮ್ಮನೆ ಹುಲಿ'. ಹುಡುಗ ನೋಡಿದವನೇ ಊಟ ಬಿಟ್ಟು ಎದ್ದುಹೋದ. ದುಡ್ಡು ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಅಲ್ಲಿಗೆ ಮುಖದ ಫೋಟೋ ಬಿಟ್ಟೆ. ಛಾಯಾಗ್ರಾಹಕರು ಕೊಟ್ಟ ನಾನೂರು ಚಿಲ್ಲರೆ ಫೋಟೋದಲ್ಲಿ ಭಿಕ್ಷೆಯದ್ದು ಒಂದು ಸಿಕ್ಕಿತು. ಅವನ ಎರಡು ಕೈ, ಹಿಡಿದ ತಟ್ಟೆ, ನನ್ನ ಬೊಗಸೆಯಿಂದ ಜಾರುವ ಅಕ್ಕಿ, ಸೊಂಟಕ್ಕೆ ಕಟ್ಟಿದ ಹುಲ್ಲಿನ ಹುರಿ ಮೌಂಜಿಯ ಒಂದು ಗಂಟು. ಅಷ್ಟೇ. ಭಿಕ್ಷೆ ಎಲ್ಲರೆದುರು ಕೇಳುವಂಥದ್ದು, ಮೊದಲು ಹಾಕುವವಳು ತಾಯಿ. ಹಾಗಾಗಿ ತಾಯಿ ಬರೆಯುವುದಕ್ಕೆ ಇದೇ ಸರಿಯಾದ ಜಾಗ. ಬರೆದೆ:

"ನಾಚುತ್ತಲೇ ನಮ್ಮ ವಟು 'ಭವತಿ ಭಿಕ್ಷಾಂ ದೇಹಿ' ಅಂದ.
ಮೊದಲ ಅಕ್ಕಿ ನಾನು ಹಾಕಿದೆ.
ನಿಮ್ಮ ಆಶೀರ್ವಾದ ಅವನ ಮೇಲಿರಲಿ."

ಮಗನಿಗೆ ಓದಲು ಕೊಟ್ಟೆ. ಬಹಳ ಹೊತ್ತು ನೋಡಿ, "ಅಮ್ಮಾ, ನಾಚ್ಕೊಂಡೆ ಅಂತ ಬರೀಬೇಡ. ಬರೆದ್ರೆ ಎಲ್ರೂ ಅದನ್ನೇ ಕೇಳ್ತಾರೆ" ಅಂದ. ನಾನು ಇಷ್ಟು ವರ್ಷ ಬರೆದರೂ ಇದು ಹೊಳೆದಿರಲಿಲ್ಲ. ನಾಚಿಕೆಯನ್ನು ಮುದ್ದಾಗಿ ಹೇಳಿದರೂ ಅದು ಹೇಳಿದಂತೆಯೇ. 'ನಾಚುತ್ತಲೇ' ತೆಗೆದೆ. ಅವನು ಒಪ್ಪಿದ.

ಚಿತ್ರದುರ್ಗದ ನಮ್ಮ ಭಾವನವರು, "ಮುಖ ಇಲ್ಲ, ಹೆಸರಿಲ್ಲ, ಯಾರ ಮುಂಜಿ ಅಂತ ತಿಳಿಯೋದು ಹೇಗೆ?" ಅಂದಿದ್ದರು. ತಿಳಿಯದವರಿಗೆ ಅದು ಬೇಕಾಗಿಯೂ ಇರಲಿಲ್ಲ. ಇನ್ನೊಂದು ಪ್ರಯೋಗವನ್ನೂ ಮಾಡಿದೆ: ಮನೆಯವರ ಗುಂಪಿನಲ್ಲಿ ಮುಖದ ಫೋಟೋ ಸಾಲಿಲ್ಲದೆ, ಸ್ಟೇಟಸ್‌ನಲ್ಲಿ ಕೈಯ ಫೋಟೋ ಸಾಲಿನೊಂದಿಗೆ. ಗುಂಪಿನಲ್ಲಿ ಬರೀ ಕೈಮುಗಿದ ಚಿತ್ರಗಳು ಬಂದವು. ಸ್ಟೇಟಸ್ ನೋಡಿದವರಲ್ಲಿ ಮೂವತ್ತು ಜನರಾದರೂ ತಮ್ಮ ಮಕ್ಕಳಿಗೆ ಭಿಕ್ಷೆ ಹಾಕಿದ್ದನ್ನು ನೆನೆದು ಉದ್ದುದ್ದ ಬರೆದರು. ಮಗನ ತರಗತಿಯ ಹುಡುಗರ ಮನೆಯವರಿಗೆ ಸ್ಟೇಟಸ್ ಕಾಣದಂತೆ ಮೊದಲೇ ಮಾಡಿದ್ದೆ.

ಹೋದ ವಾರ ಭಾವನವರೇ ಫೋನ್ ಮಾಡಿದರು. ಮೊಮ್ಮಗನ ಮುಂಜಿಗೆ ಬರೆದುಕೊಡಬೇಕಂತೆ. ಹುಡುಗನ ಹತ್ತಿರ ಮೊದಲು ಮಾತಾಡಿಸಿ ಅಂದೆ.