ಒಂಬತ್ತು ವರ್ಷ ಹಳೆಯ ಬಯೋಡೇಟಾದಲ್ಲಿ ಒಂದು ಸಾಲು

ನಾನು ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒಂದು ದಿನ ಗ್ರಾಹಕ ಕಂಪನಿಯಿಂದ ಮೇಲ್ ಬಂತು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರ ಪಿಎಂಪಿ ಸರ್ಟಿಫಿಕೇಟ್ ನಂಬರ್ ಕೇಳಿದ್ದರು. ಪಿಎಂಪಿ ಅಂದರೆ ಪ್ರಾಜೆಕ್ಟ್ ನಿರ್ವಹಣೆಯ ಪರೀಕ್ಷೆ ಪಾಸಾದವರಿಗೆ ಸಿಗುವ ಸರ್ಟಿಫಿಕೇಟ್. ಅವರು ನಮ್ಮಲ್ಲಿ ಒಂಬತ್ತು ವರ್ಷದಿಂದ ಇದ್ದರು, ಕೆಲಸದಲ್ಲಿ ಒಳ್ಳೆಯ ಹೆಸರಿತ್ತು. ಪಿಎಂಪಿ ಕೊಡುವ ಪಿಎಂಐ ಸಂಸ್ಥೆಯ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿದೆ. ಅವರ ಹೆಸರು ಸಿಗಲಿಲ್ಲ.

ಹೆಸರು ಸಿಗದ ಮಾತ್ರಕ್ಕೆ ಸುಳ್ಳು ಅಂತ ತೀರ್ಮಾನಿಸುವ ಹಾಗಿಲ್ಲ. ಹೆಸರು ಕಾಣಿಸುವುದು ಬೇಡ ಅಂತ ಆರಿಸಿಕೊಂಡವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಸರ್ಟಿಫಿಕೇಟಿನಲ್ಲಿ ಹೆಸರಿನ ಕಾಗುಣಿತ ಬೇರೆ ಇದ್ದರೂ ಸಿಗುವುದಿಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಿಸುವುದನ್ನು ಬಿಟ್ಟಿರಲೂಬಹುದು. ಹಾಗಾಗಿ ಅವರನ್ನೇ ಕರೆದು ಕೇಳಿದೆ.

ಕೇಳಿದ ರೀತಿಯಲ್ಲಿ ನಾನು ತಪ್ಪು ಮಾಡಿದೆ. ಮುಜುಗರ ಆಗದಿರಲಿ ಅಂತ, "ನಿಮ್ಮ ಪಿಎಂಪಿ ಅವಧಿ ಮುಗಿದು ಹೋಗಿರಬೇಕು, ಅಲ್ವಾ?" ಅಂದೆ. ಅವರು ತಕ್ಷಣ ಹೌದು ಅಂದರು. ಒಂಬತ್ತು ವರ್ಷದ ಹಿಂದಿನ ಸುಳ್ಳಿನ ಜೊತೆಗೆ ಅವತ್ತಿನ ಹೊಸ ಸುಳ್ಳೊಂದು ಸೇರಿತು. ಉತ್ತರವನ್ನು ಅವರ ಬಾಯಿಗೆ ಹಾಕಿದವಳು ನಾನೇ. ಈಗ ನಾನು ಕೇಳುವುದು ಎರಡೇ ಪ್ರಶ್ನೆ: ಪರೀಕ್ಷೆ ಯಾವಾಗ ಬರೆದಿರಿ? ನಿಮ್ಮ ಪಿಎಂಐ ಖಾತೆ ತೆರೆದು ತೋರಿಸುತ್ತೀರಾ?

ಹಳೆಯ ಸರ್ಟಿಫಿಕೇಟ್ ಆದರೂ ಪರವಾಗಿಲ್ಲ, ಎರಡು ದಿನದಲ್ಲಿ ತನ್ನಿ ಅಂದೆ. ಮರುದಿನ ಬೆಳಿಗ್ಗೆಯೇ ಬಂದರು. "ಮೇಡಂ, ನಾನು ಪರೀಕ್ಷೆ ಬರೆದೇ ಇಲ್ಲ" ಅಂದರು. ಕೈಯಲ್ಲಿ 35 ಗಂಟೆಯ ತರಬೇತಿ ಮುಗಿಸಿದ ಪ್ರಮಾಣಪತ್ರ ಇತ್ತು. ಅದು ಪರೀಕ್ಷೆಗೆ ಅರ್ಜಿ ಹಾಕಲು ಬೇಕಾದ ಒಂದು ಅರ್ಹತೆ ಅಷ್ಟೇ, ಪಿಎಂಪಿ ಅಲ್ಲ. ಕೆಲಸಕ್ಕೆ ಸೇರುವಾಗ, ಮುಂದಿನ ತಿಂಗಳು ಬರೆದರಾಯಿತು ಅಂತ ಬಯೋಡೇಟಾದಲ್ಲಿ ಹಾಕಿದ್ದರಂತೆ. ಆ ಮುಂದಿನ ತಿಂಗಳು ಬರಲೇ ಇಲ್ಲ.

ಆಮೇಲೆ ಫೈಲ್ ತೆಗೆದು ಕೂತೆ. ಕೆಲಸದ ಜಾಹೀರಾತಿನಲ್ಲಿ ಪಿಎಂಪಿ ಇದ್ದರೆ ಒಳ್ಳೆಯದು ಅಂತಿತ್ತು, ಕಡ್ಡಾಯ ಇರಲಿಲ್ಲ. ಅದಕ್ಕಾಗಿ ಜಾಸ್ತಿ ಸಂಬಳ ಕೊಟ್ಟಿರಲಿಲ್ಲ. ಮಾಹಿತಿ ಸುಳ್ಳಾದರೆ ಕೆಲಸದಿಂದ ತೆಗೆಯಬಹುದು ಅನ್ನುವ ಸಾಲಿನ ಕೆಳಗೆ ಅವರ ಸಹಿ ಇತ್ತು. ನಮ್ಮ ತಪ್ಪೂ ಅದೇ ಫೈಲಿನಲ್ಲಿತ್ತು. ಪದವಿಯ ದಾಖಲೆಗಳನ್ನು ಪರಿಶೀಲಿಸಿದ್ದೆವು, ಸರ್ಟಿಫಿಕೇಟನ್ನು ಕೇಳಿಯೇ ಇರಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಎಚ್ಚರಿಕೆ ಪತ್ರಕ್ಕೆ ಮುಗಿಯುತ್ತಿತ್ತು. ಆದರೆ ಎರಡು ಟೆಂಡರ್‌ಗಳಲ್ಲಿ ಅವರ ಹೆಸರಿನ ಮುಂದೆ ಪಿಎಂಪಿ ಅಂತ ಹೋಗಿತ್ತು. ಟೆಂಡರ್ ತಂಡದವರು ಹಳೆಯ ಬಯೋಡೇಟಾದಿಂದ ಅದನ್ನು ಎತ್ತಿ ಹಾಕಿದ್ದರು, ನಿಜ. ಆದರೆ ಕಳಿಸುವ ಮುಂಚೆ ಕರಡನ್ನು ಇವರಿಗೇ ತೋರಿಸಿದ್ದರು. ಇವರು ಎರಡೂ ಸಲ 'ಸರಿ ಇದೆ' ಅಂತ ಉತ್ತರ ಬರೆದಿದ್ದರು, ಎರಡನೆಯದು ಕಳೆದ ವರ್ಷವಷ್ಟೇ. ಹಾಗಾಗಿ ಇದನ್ನು ಹಳೆಯ ತಪ್ಪು ಅಂತ ನೋಡಲು ನನಗೆ ಆಗಲಿಲ್ಲ. ಸರಿಪಡಿಸುವ ಅವಕಾಶ ಎದುರಿಗೆ ಬಂದಾಗಲೂ ಸುಮ್ನೆ ಇದ್ದರಲ್ಲ, ನನ್ನ ಮನಸ್ಸಿಗೆ ಹೆಚ್ಚು ನೋವಾಗಿದ್ದು ಅದು.

ಅವರ ಮ್ಯಾನೇಜರ್, "ಒಂಬತ್ತು ವರ್ಷ ಚೆನ್ನಾಗಿ ದುಡಿದಿದ್ದಾರೆ, ಬಿಟ್ಟುಬಿಡಿ" ಅಂದರು. ಟೆಂಡರ್ ಮುಖ್ಯಸ್ಥರು ಕೆಲಸದಿಂದ ತೆಗೆಯಲೇಬೇಕು ಅಂದರು. ಕಾನೂನು ಸಲಹೆಗಾರರು ಒಂದು ಮಾತು ಹೇಳಿದರು: ಗೊತ್ತಾದ ಮೇಲೂ ಕಂಪನಿ ತಿಂಗಳುಗಟ್ಟಲೆ ಸುಮ್ಮನಿದ್ದರೆ, ಆಮೇಲೆ ಅದೇ ಕಾರಣಕ್ಕೆ ತೆಗೆಯುವುದು ಕಷ್ಟ. ಹಾಗಾಗಿ ಎರಡು ವಾರದೊಳಗೆ ಮುಗಿಸಿದೆವು. ಆರೋಪವನ್ನು ಬರಹದಲ್ಲಿ ಕೊಟ್ಟು, ಬರಹದಲ್ಲೇ ಉತ್ತರ ಪಡೆದೆವು. ಕೊನೆಯ ಎಚ್ಚರಿಕೆ ಪತ್ರ ಕೊಟ್ಟೆವು. ಆ ವರ್ಷದ ಬಡ್ತಿ ಹೋಯಿತು. ಆ ಗ್ರಾಹಕರ ಪ್ರಾಜೆಕ್ಟಿನಿಂದ ಅವರನ್ನು ಹೊರಗಿಟ್ಟೆವು. ತಾನಾಗಿ ಬಂದು ಹೇಳಿದ್ದು ಮತ್ತು ಸರ್ಟಿಫಿಕೇಟ್ ಕಡ್ಡಾಯ ಇರದಿದ್ದದ್ದು ಅವರ ಕೆಲಸ ಉಳಿಸಿತು. ಕಾನೂನಿನ ಪ್ರಕಾರ ಲೈಸೆನ್ಸ್ ಬೇಕೇ ಬೇಕಾದ ಕೆಲಸವಾಗಿದ್ದರೆ ಅವತ್ತೇ ನಿಲ್ಲಿಸಬೇಕಾಗುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಗ್ರಾಹಕರಿಗೆ ಬರೆದ ಪತ್ರ. ನೆಪ ಹೇಳದೆ, ಯಾವ ದಾಖಲೆಯಲ್ಲಿ ಏನು ತಪ್ಪಿತ್ತು, ಈಗ ಅವರ ಬದಲು ಯಾರು ಅಂತ ಮೂರು ಸಾಲು ಬರೆದೆವು. ಒಂದು ಗುತ್ತಿಗೆ ಉಳಿಯಿತು. ಇನ್ನೊಂದನ್ನು ಅವರು ಮುಂದುವರಿಸಲಿಲ್ಲ.

ಆಮೇಲೆ ನಮ್ಮ ಫಾರಂ ಬದಲಾಯಿಸಿದೆವು. ತರಬೇತಿ ಮುಗಿದ ದಿನ, ಪರೀಕ್ಷೆ ಪಾಸಾದ ದಿನ, ಸರ್ಟಿಫಿಕೇಟ್ ನಂಬರ್, ಅವಧಿ ಮುಗಿಯುವ ದಿನ, ಹೀಗೆ ಬೇರೆ ಬೇರೆ ಕಾಲಂ ಮಾಡಿದೆವು. ತಪ್ಪಿದ್ದರೆ ತಿದ್ದಿಕೊಳ್ಳಲು ಎಲ್ಲರಿಗೂ ಒಂದು ತಿಂಗಳು ಕೊಟ್ಟೆವು. ಆ ತಿಂಗಳಲ್ಲಿ ಇನ್ನಿಬ್ಬರು ಹಳೆಯ ಉದ್ಯೋಗಿಗಳು ಬಂದು ತಮ್ಮ ಸಾಲು ಹೊಡೆದು ಹಾಕಿಸಿದರು. ಅವರ ಹೆಸರು ಯಾವ ಟೆಂಡರಿಗೂ ಹೋಗಿರಲಿಲ್ಲ. ಫೈಲಿನಲ್ಲಿ ತಿದ್ದಿದ ದಿನಾಂಕ ಬರೆದು, ಸಹಿ ಹಾಕಿಸಿಕೊಂಡು ಕಳಿಸಿದೆ.