ಎರಡು ತಲೆಮಾರಿಗೆ ಒಂದೇ ಸ್ವಾಗತ ಭಾಷಣ: ನನ್ನ ಅನುಭವ

ಇಂಗ್ಲೆಂಡಿನಲ್ಲಿ ನನ್ನ ಮಗಳು ಸದಸ್ಯೆಯಾಗಿರುವ ಕನ್ನಡ ಸಂಘದವರು, ರಾಜ್ಯೋತ್ಸವದ ವಾರ್ಷಿಕ ಸಮಾರಂಭಕ್ಕೆ ಸ್ವಾಗತ ಭಾಷಣವನ್ನು ನಾನೇ ಮಾಡಬೇಕೆಂದು ಕೇಳಿದಾಗ ನಾನಿನ್ನೂ ಮೈಸೂರಿನ ಕುವೆಂಪುನಗರದ ಮನೆಯಲ್ಲಿದ್ದೆ. ಭಾಷಣಕ್ಕೆ ಐದು ನಿಮಿಷ ಮಾತ್ರ. ಸಭೆಯಲ್ಲಿ ಒಂದು ಕಡೆ, ಮಕ್ಕಳನ್ನು ನೋಡಲು ಮಂಡ್ಯ, ಹಾಸನ, ಧಾರವಾಡಗಳಿಂದ ಬಂದ ಹಿರಿಯರು. ಇನ್ನೊಂದು ಕಡೆ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಅಲ್ಲಿಯೇ ಹುಟ್ಟಿದ ಮಕ್ಕಳು.

ಇಂಥ ಸಭೆಗಳಲ್ಲಿ ಕನ್ನಡದಲ್ಲಿ ಒಂದು ಮಾತು ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳುವುದು ರೂಢಿ. ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಕನ್ನಡ ಮುಗಿದ ಕೂಡಲೇ ಇಂಗ್ಲಿಷ್ ಬರುತ್ತದೆಂದು ಮಕ್ಕಳಿಗೆ ಬೇಗನೆ ತಿಳಿಯುತ್ತದೆ, ಆಮೇಲೆ ಅವರು ಕನ್ನಡಕ್ಕೆ ಕಿವಿಗೊಡುವುದೇ ಇಲ್ಲ. ಹಿರಿಯರು ಇಂಗ್ಲಿಷ್ ಶುರುವಾದೊಡನೆ ಪಕ್ಕದವರೊಡನೆ ಮಾತಿಗಿಳಿಯುತ್ತಾರೆ. ಭಾಷಣದ ಸಮಯವೂ ಇಮ್ಮಡಿಯಾಗುತ್ತದೆ. ಆದ್ದರಿಂದ ಯಾವ ಮಾತನ್ನೂ ಎರಡು ಸಲ ಹೇಳದೆ, ಒಂದೇ ವಿಷಯವನ್ನು ಒಂದು ಭಾಷೆ ಅರ್ಧ ದೂರ ಒಯ್ದು ಇನ್ನೊಂದರ ಕೈಗೆ ಕೊಡುವಂತೆ ಬರೆಯಲು ತೀರ್ಮಾನಿಸಿದೆ. ಭಾಷೆ ಬದಲಾಗುವ ಜಾಗದಲ್ಲಿ ಎರಡೂ ಕಡೆಯವರಿಗೆ ಗೊತ್ತಿರುವ ಹೆಸರೊಂದು ಇರಬೇಕು ಎಂಬುದು ನಾನು ಹಾಕಿಕೊಂಡ ಮುಖ್ಯ ನಿಯಮ.

ನವೆಂಬರ್ 1ರ ಮಹತ್ವ ಹೇಳುವ ಭಾಗವನ್ನು ಹೀಗೆ ಕಟ್ಟಿದೆ. ಮೊದಲು ಕನ್ನಡದಲ್ಲಿ, “1956ರಲ್ಲಿ ಇದೇ ದಿನ, ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡದ ಊರುಗಳು ಒಂದೇ ರಾಜ್ಯದೊಳಗೆ ಬಂದವು: ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಮಡಿಕೇರಿ” ಎಂದೆ. ಊರುಗಳ ಹೆಸರು ಮುಗಿದಲ್ಲಿಯೇ ಇಂಗ್ಲಿಷಿಗೆ ಹೊರಳಿ, ನಿಮ್ಮ ಅಜ್ಜಿ ತಾತಂದಿರ ಊರು ಇವುಗಳಲ್ಲಿ ಯಾವುದರ ಹತ್ತಿರವೋ ಅದನ್ನು ಕರೆದಾಗ ಕೈ ಎತ್ತಿ ಎಂದು ಮಕ್ಕಳಿಗೆ ಹೇಳಿ, ಒಂದೊಂದೇ ಹೆಸರನ್ನು ಕೂಗಿದೆ. ಕೈಗಳು ಮೇಲೆದ್ದ ಮೇಲೆ, ಆ ದಿನಕ್ಕೆ ಮುಂಚೆ ಹುಬ್ಬಳ್ಳಿ ಮುಂಬಯಿ ರಾಜ್ಯದಲ್ಲಿಯೂ ಕಲಬುರಗಿ ಹೈದರಾಬಾದಿನಲ್ಲಿಯೂ ಮಂಗಳೂರು ಮದ್ರಾಸಿನಲ್ಲಿಯೂ ಇದ್ದವು, ಕೊಡಗು ತಾನೇ ಒಂದು ರಾಜ್ಯವಾಗಿತ್ತು, ಅಂದರೆ ಈಗ ಕೈ ಎತ್ತಿದ ನಿಮ್ಮ ಮನೆಯವರು ಒಂದೇ ಭಾಷೆ ಆಡುತ್ತಿದ್ದರೂ ಒಂದೇ ರಾಜ್ಯದವರಾಗಿರಲಿಲ್ಲ ಎಂದು ವಿವರಿಸಿದೆ. ಇಂಗ್ಲಿಷ್ ಬಾರದ ಹಿರಿಯರಿಗೂ ಊರಿನ ಹೆಸರು ಕೇಳಿಸುತ್ತಿತ್ತು, ಮೊಮ್ಮಕ್ಕಳ ಕೈ ಕಾಣಿಸುತ್ತಿತ್ತು. ಹೀಗಾಗಿ ಏನು ನಡೆಯುತ್ತಿದೆ ಎಂಬುದು ಅನುವಾದವಿಲ್ಲದೆ ತಿಳಿಯಿತು. ಅನಂತರ ಕನ್ನಡಕ್ಕೆ ಮರಳಿ, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನು ಹೇಳಿ, ಅದು ನೆನಪಿರುವವರು ಊಟದ ಹೊತ್ತಿನಲ್ಲಿ ಮಕ್ಕಳಿಗೆ ಹೇಳಬೇಕೆಂದು ಕೋರಿದೆ. ಆ ಹಿರಿಯರ ಕಡೆಗೆ ನೋಡಿ ಹೇಳಿದ್ದರಿಂದ ಕೋರಿಕೆ ಯಾರಿಗೆಂಬುದು ಮಕ್ಕಳಿಗೂ ಗೊತ್ತಾಯಿತು.

ಕನ್ನಡದ ಭಾಗದಲ್ಲಿಯೇ ಎರಡು ಬಗೆ ಬೇಕಾಯಿತು. ವೀಡಿಯೊ ಕರೆಯಲ್ಲಿ ಮೊಮ್ಮಗಳಿಗೆ ಮೊದಲ ಕರಡನ್ನು ಓದಿ ಹೇಳಿದಾಗ ಅವಳು, “ಅಜ್ಜಿ, ನೀನು ಮನೇಲಿ ಹಿಂಗೆ ಮಾತಾಡಲ್ವಲ್ಲ” ಎಂದಳು. ಆ ಮಕ್ಕಳ ಕನ್ನಡವೆಂದರೆ ಅಡುಗೆಮನೆಯಲ್ಲಿ, ಕಾರಿನಲ್ಲಿ ಕೇಳಿದ ಕನ್ನಡ. ಆದ್ದರಿಂದ “ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಅತಿಥಿಗಳೇ” ಎಂಬ ಸಂಬೋಧನೆಯನ್ನು ಗ್ರಾಂಥಿಕವಾಗಿಯೇ ಉಳಿಸಿಕೊಂಡೆ, ಏಕೆಂದರೆ ಹಿರಿಯರು ಆ ಮರ್ಯಾದೆಯನ್ನು ನಿರೀಕ್ಷಿಸುತ್ತಾರೆ; ಮಕ್ಕಳಿಗೆ ಮಾತ್ರ “ಬನ್ನಿ ಮಕ್ಕಳೇ, ಮುಂದೆ ಬಂದು ಕೂತ್ಕೊಳ್ಳಿ, ನಿಮ್ಮನ್ನ ನೋಡಿ ತುಂಬಾ ಖುಷಿ ಆಯ್ತು” ಎಂದು ಆಡುಮಾತಿನಲ್ಲಿ ಹೇಳಿದೆ. ಅವರು ನಿಜವಾಗಿಯೂ ಎದ್ದು ಮುಂದೆ ಬಂದರು. ಅದಕ್ಕೆ ಇಂಗ್ಲಿಷ್ ಬೇಕಾಗಲೇ ಇಲ್ಲ, ಮತ್ತು ಇಡೀ ಭಾಷಣದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಅದೇ.

ಇಂಗ್ಲಿಷ್ ತಿಳಿಯದ ನೆರೆಮನೆಯ ಅಕ್ಕನವರನ್ನು ಕೂರಿಸಿಕೊಂಡು ಪೂರ್ತಿ ಭಾಷಣವನ್ನು ಒಪ್ಪಿಸಿ, ಕೊನೆಗೆ ಏನು ತಿಳಿಯಿತೆಂದು ಅವರನ್ನೇ ಕೇಳಿದೆ. ಅವರಿಗೆ ಎಳೆ ತಪ್ಪಿದ ಕಡೆಯಲ್ಲೆಲ್ಲ ಇಂಗ್ಲಿಷ್ ಒಂದು ನಿಮಿಷ ಮೀರಿತ್ತು, ಅಲ್ಲಿ ಮೊಟಕುಗೊಳಿಸಿದೆ. ಕಾಗದದಲ್ಲಿ ಕನ್ನಡವನ್ನು ಕಪ್ಪು ಶಾಯಿಯಲ್ಲಿಯೂ ಇಂಗ್ಲಿಷನ್ನು ನೀಲಿಯಲ್ಲಿಯೂ ಬರೆದು, ಪ್ರತಿ ಬದಲಾವಣೆಗೂ ಹೊಸ ಸಾಲು ಹಿಡಿದೆ. ಹಾಗೆ ಬರೆದಾಗ ಒಂದೇ ಬಣ್ಣ ಉದ್ದಕ್ಕೆ ಹರಿದಿರುವುದು ಓದದೆಯೇ ಕಣ್ಣಿಗೆ ಬೀಳುತ್ತದೆ.

ಈ ಕ್ರಮಕ್ಕೆ ಒಂದು ಮಿತಿಯಿದೆ. ಕನ್ನಡವೇ ಬಾರದ ಅಳಿಯಂದಿರು, ಸೊಸೆಯಂದಿರು ಸಭೆಯಲ್ಲಿದ್ದರೆ ಅವರಿಗೆ ಕನ್ನಡದ ಅರ್ಧ ಕೈಗೆ ಸಿಗುವುದಿಲ್ಲ. ಅವರಿಗಾಗಿ ಇಂಗ್ಲಿಷಿನ ಪ್ರತಿ ಭಾಗವನ್ನೂ, ಹಿಂದಿನ ಮಾತು ಗೊತ್ತಿಲ್ಲದಿದ್ದರೂ ಅರ್ಥವಾಗುವಂಥ ವಾಕ್ಯದಿಂದ ಆರಂಭಿಸಿದೆ. ಊಟದ ವೇಳೆ, ತುರ್ತು ಬಾಗಿಲು ಇರುವ ಜಾಗ ಇಂಥವುಗಳನ್ನು ಭಾಷಣದಿಂದ ತೆಗೆದು ನಿರೂಪಕರಿಗೆ ಒಪ್ಪಿಸಿ, ಅವನ್ನು ಮಾತ್ರ ಎರಡೂ ಭಾಷೆಯಲ್ಲಿ ಪೂರ್ತಿಯಾಗಿ ಹೇಳಬೇಕೆಂದು ಕೇಳಿಕೊಂಡೆ.